ಹಳ್ಳ ಬತ್ತುವುದೂ ಉಂಟಲ್ಲ?

ಜಾಹೀರಾತು ಸಂಸ್ಥೆಯೊಂದರಲ್ಲಿ ಕನ್ನಡದ ಕಾಪಿ ಬರೆಯುವುದು ನನ್ನ ಕೆಲಸ. ಸೋಪು, ಸಿಮೆಂಟು, ಸೀರೆ, ಎಲ್ಲಕ್ಕೂ ಬರೆದಿದ್ದೇನೆ. ಅದೇ ಧೈರ್ಯದಲ್ಲಿ ಒಂದು ಮ್ಯೂಚುವಲ್ ಫಂಡ್ ಸಂಸ್ಥೆಯ ಜಾಗೃತಿ ಅಭಿಯಾನದ ಕೆಲಸ ಕೈಗೆತ್ತಿಕೊಂಡೆ. ಬ್ರೀಫ್ ಒಂದೇ ಸಾಲಿನದು: ತಿಂಗಳಿಗೆ 500 ರೂಪಾಯಿಯಂಥ ಸಣ್ಣ ಮೊತ್ತದಲ್ಲಿ ಹೂಡಿಕೆ ಶುರು ಮಾಡಬಹುದು ಅಂತ ಜನಕ್ಕೆ ತಿಳಿಸಬೇಕು, ಆದರೆ ಇಷ್ಟು ಸಿಗುತ್ತದೆ ಅಂತ ಎಲ್ಲೂ ಹೇಳಬಾರದು. ಇದೇನು ದೊಡ್ಡ ವಿಷಯ, ಶೇಕಡಾವಾರು ಸಂಖ್ಯೆ ಹಾಕದಿದ್ದರಾಯಿತು ಅಂದುಕೊಂಡು ಒಂದೇ ಮಧ್ಯಾಹ್ನದಲ್ಲಿ ಹನ್ನೆರಡು ಘೋಷವಾಕ್ಯ ಬರೆದು ಕಳಿಸಿದೆ. ಹನ್ನೊಂದಕ್ಕೆ ಕೆಂಪು ಗೆರೆ ಬಿತ್ತು.

ಮೊದಲನೆಯದರ ಮೇಲೆ ನನಗೆ ಬಹಳ ಅಭಿಮಾನವಿತ್ತು. "ಹನಿಗೂಡಿದರೆ ಹಳ್ಳ, ತಿಂಗಳು ಕೂಡಿದರೆ ಮನೆ." ಗಾದೆ ಎಲ್ಲರಿಗೂ ಗೊತ್ತು, ಪ್ರಾಸ ಚೆನ್ನಾಗಿದೆ, ಅಂಕಿಯಂತೂ ಒಂದೂ ಇಲ್ಲ. ಆ ಸಂಸ್ಥೆಯಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗದ ಮೇಡಂ ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದು ಇಷ್ಟೇ: "ಹಳ್ಳ ಬತ್ತುವುದೂ ಉಂಟಲ್ಲ?"

ಫೋನ್ ಮಾಡಿ ವಾದ ಮಾಡಿದೆ. "ಮೇಡಂ, ಇದು ಗಾದೆ. ಇದನ್ನ ಯಾರೂ ಲೆಕ್ಕ ಹಾಕಿ ನೋಡಲ್ಲ."

"ಅದೇ ತೊಂದರೆ" ಅಂದರು. "ಲೆಕ್ಕ ಹಾಕದೇ ನಂಬ್ತಾರೆ. ಗಾದೆಯಲ್ಲಿ ಬಿದ್ದ ಹನಿ ಬಿದ್ದಲ್ಲೇ ಇರತ್ತೆ. ಇಲ್ಲಿ ಹಾಕಿದ 500 ಮುಂದಿನ ತಿಂಗಳು 450 ಆಗಿರಬಹುದು. ಬ್ಯಾಂಕಿನ ಆರ್‌ಡಿಗೆ ನಿಮ್ಮ ಗಾದೆ ಸರಿಯಾಗಿ ಹೊಂದತ್ತೆ, ಇದಕ್ಕಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಉಳಿದ ಹತ್ತನ್ನೂ ಆ ಕಣ್ಣಿಂದಲೇ ಮತ್ತೆ ಓದಿದೆ. "ಇಂದು ಬಿತ್ತಿ, ನಾಳೆ ಫಲ ಪಡೆಯಿರಿ." "ಸಣ್ಣ ಕಂತು, ದೊಡ್ಡ ಗಂಟು." "ಇಂದಿನ ಐನೂರು, ಮಗಳ ಓದಿಗೆ ಆಸರೆ." "ನಿಮ್ಮ ಹಣ ನಿಮಗಾಗಿ ದುಡಿಯುತ್ತದೆ." ಒಂದರಲ್ಲೂ ಲಾಭದ ಅಂಕಿ ಇಲ್ಲ, ಎಲ್ಲದರಲ್ಲೂ ಭರವಸೆ ಇದೆ. ಬಿತ್ತಿದ್ದೆಲ್ಲ ಬೆಳೆಯುವುದಿಲ್ಲ ಅಂತ ರೈತನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ನಾನು ಬರೆದ ಸಾಲಿನಲ್ಲಿ ಮಳೆಯ ಮಾತೇ ಇಲ್ಲ, ಸೀದಾ ಬಿತ್ತನೆಯಿಂದ ಸುಗ್ಗಿಗೆ ಜಿಗಿದಿದ್ದೆ.

ಭರವಸೆ ಎಲ್ಲಿ ಅಡಗಿ ಕೂತಿದೆ ಅಂತ ಹುಡುಕುತ್ತಾ ಹೋದಾಗ ಅದು ಕ್ರಿಯಾಪದದಲ್ಲಿ ಸಿಕ್ಕಿತು. ಕನ್ನಡದಲ್ಲಿ "ಬೆಳೆಯುತ್ತದೆ" ಅಂದರೆ ಈಗ ಬೆಳೆಯುತ್ತಿದೆ ಅಂತಲೂ ಆಗುತ್ತದೆ, ಯಾವಾಗಲೂ ಬೆಳೆಯುತ್ತದೆ ಅಂತಲೂ ಆಗುತ್ತದೆ, ಮುಂದೆ ಬೆಳೆದೇ ಬೆಳೆಯುತ್ತದೆ ಅಂತಲೂ ಆಗುತ್ತದೆ. "ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ" ಅನ್ನುವ ವಾಕ್ಯದ ಕ್ರಿಯಾಪದವೂ ಅದೇ ರೂಪದ್ದು. ಅದರ ಹಿಂದೆ "ಹೂಡಿದರೆ" ಅಂತ ಒಂದು "ದರೆ" ಸೇರಿಸಿದರೆ ಮುಗಿಯಿತು, ಕಾರಣ ಮತ್ತು ಫಲ ಎರಡೂ ಬೆಸೆದುಕೊಂಡುಬಿಡುತ್ತವೆ.

ಹಾಗಾದರೆ "ಬೆಳೆಯುತ್ತದೆ" ತೆಗೆದು "ಬೆಳೆಯಬಹುದು" ಅಂತ ಹಾಕೋಣ ಅಂದೆ. ಎಲ್ಲ ಕಾಪಿರೈಟರ್‌ಗಳೂ ಮೊದಲು ಓಡುವುದು ಅಲ್ಲಿಗೇ. ಅದೂ ನಿಲ್ಲಲಿಲ್ಲ. ಒಂದು ಕಡೆ ಸಾಲು ಸತ್ತುಹೋಗುತ್ತದೆ, "ಬಹುದು" ಅಂತ ಮುಗಿಯುವ ಘೋಷವಾಕ್ಯ ಯಾರ ನಾಲಿಗೆಗೂ ಹತ್ತುವುದಿಲ್ಲ. ಇನ್ನೊಂದು ಕಡೆ, ಬೆಳೆಯಬಹುದು ಅಂತ ಮಾತ್ರ ಹೇಳಿ ಕರಗಬಹುದು ಅನ್ನುವುದನ್ನು ಬಿಟ್ಟರೆ ಅದು ಅರ್ಧ ಸತ್ಯ. ಷೇರುಪೇಟೆ, ಫಂಡುಗಳ ಮೇಲೆ ನಿಗಾ ಇಡುವ ಸೆಬಿಯ ಜಾಹೀರಾತು ಸಂಹಿತೆ ಸುಳ್ಳನ್ನಷ್ಟೇ ಅಲ್ಲ, ದಾರಿ ತಪ್ಪಿಸುವ ಮಾತನ್ನೂ ಒಪ್ಪುವುದಿಲ್ಲ. ಹೂಡಿಕೆದಾರರ ಅನುಭವದ ಕೊರತೆಯನ್ನು ಬಳಸಿಕೊಳ್ಳುವ ಹಾಗೆ ಜಾಹೀರಾತು ಇರಬಾರದು ಅನ್ನುವುದೂ ಅದರಲ್ಲಿದೆ. ಆ ಮಾತು ಓದಿದ ಮೇಲೆ ನನ್ನ ಗಾದೆ ಯಾಕೆ ಬಿದ್ದುಹೋಯಿತು ಅಂತ ಪೂರ್ತಿ ಅರ್ಥವಾಯಿತು.

ಕೊನೆಗೆ ನಾನೇ ಒಂದು ಪದ್ಧತಿ ಮಾಡಿಕೊಂಡೆ. ಸಾಲಿನಲ್ಲಿ ಹಣ ಕರ್ತೃವಾಗಿ ಕೂರಬಾರದು, ಮನುಷ್ಯ ಕೂರಬೇಕು. "ಹಣ ಬೆಳೆಯುತ್ತದೆ, ದುಡಿಯುತ್ತದೆ, ಕಾಯುತ್ತದೆ" ಇದ್ಯಾವುದೂ ಬೇಡ. "ನೀವು ಶುರು ಮಾಡಿ, ಓದಿ, ಕೇಳಿ, ತಿಂಗಳಿಗೊಮ್ಮೆ ಹೂಡಿ" ಇವೆಲ್ಲ ಆಗಬಹುದು. ಮನುಷ್ಯ ಮಾಡುವುದು ಅವನ ಕೈಯಲ್ಲಿದೆ, ಅದನ್ನು ಎಷ್ಟು ಜೋರಾಗಿ ಹೇಳಿದರೂ ಸುಳ್ಳಾಗುವುದಿಲ್ಲ. ಆದರೆ ಇದಕ್ಕೂ ಒಂದು ಮಿತಿ ಇದೆ ಅಂತ ಆಮೇಲೆ ತಿಳಿಯಿತು. "ತಡ ಮಾಡಬೇಡಿ, ಇಂದೇ ಹೂಡಿ" ಅಂತ ಬರೆದಾಗ ಮೇಡಂ ಅದಕ್ಕೂ ಗೆರೆ ಎಳೆದರು. "ದಾಖಲೆ ಓದಿ ಹೂಡಿ ಅಂತ ಕೆಳಗೆ ಬರೆದು, ಮೇಲೆ ಅವಸರ ಮಾಡ್ತೀರಲ್ಲ?"

ನಾಮಪದಗಳದ್ದು ಬೇರೆ ಕಥೆ. ಒಂದು ಕರಡಿನಲ್ಲಿ "ತಿಂಗಳ ಉಳಿತಾಯ" ಅಂತ ಬರೆದಿದ್ದೆ, ಇನ್ನೊಂದರಲ್ಲಿ "ತಿಂಗಳಿಗೆ 500 ಕಟ್ಟಿ" ಅಂತ. ನಮ್ಮದೇ ಆಫೀಸಿನಲ್ಲಿ ಆರು ಜನಕ್ಕೆ ಓದಿಸಿದೆ: ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನ ಇಬ್ಬರು, ಅಕೌಂಟ್ಸ್‌ಗೆ ಹೊಸದಾಗಿ ಸೇರಿದ ಹುಡುಗ, ಹೀಗೆ. ಚೆನ್ನಾಗಿದೆಯಾ ಅಂತ ಕೇಳಲಿಲ್ಲ, ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಇದನ್ನ ಓದಿದ ಮೇಲೆ ಏನು ಸಿಗುತ್ತೆ ಅನಿಸ್ತು?" ಅಂತ ಕೇಳಿದೆ. "ಉಳಿತಾಯ" ಓದಿದವರು ಕೇಳಿದ್ದು "ಬಡ್ಡಿ ಎಷ್ಟು ಸಾರ್?" ಅಂತ. ಉಳಿತಾಯ ಅಂದ ಕೂಡಲೇ ಅಸಲು ಭದ್ರ, ಮೇಲೆ ಬಡ್ಡಿ ಅನ್ನುವುದು ಮನಸ್ಸಿನಲ್ಲಿ ಕೂತಿರುತ್ತದೆ. ಫಂಡಿನಲ್ಲಿ ಬಡ್ಡಿಯೂ ಇಲ್ಲ, ಅಸಲಿಗೆ ಖಾತ್ರಿಯೂ ಇಲ್ಲ. "ಕಟ್ಟಿ" ಓದಿದ ಹೌಸ್‌ಕೀಪಿಂಗ್ ಅಕ್ಕ ಕೇಳಿದ್ದು ಇನ್ನೂ ಸೂಕ್ಷ್ಮ: "ಒಂದು ತಿಂಗಳು ಕಟ್ಟದಿದ್ರೆ ಹಿಂದೆ ಕಟ್ಟಿದ್ದೆಲ್ಲ ಹೋಗ್ಬಿಡತ್ತಾ?" ಚೀಟಿ, ಸಾಲ, ವಿಮೆಯ ಕಂತು ಎಲ್ಲಕ್ಕೂ ನಾವು ಬಳಸುವುದು "ಕಟ್ಟು" ಅನ್ನುವ ಪದವನ್ನೇ. ಎಸ್‌ಐಪಿಯಲ್ಲಿ, ಅಂದರೆ ಹೀಗೆ ತಿಂಗಳು ತಿಂಗಳು ಫಂಡಿಗೆ ಹಾಕುವ ಪದ್ಧತಿಯಲ್ಲಿ, ಒಂದು ಕಂತು ತಪ್ಪಿದರೆ ಕೊಂಡ ಯೂನಿಟ್‌ಗಳು, ಅಂದರೆ ಫಂಡಿನಲ್ಲಿ ನಮ್ಮ ಪಾಲು, ಹಾಗೇ ಉಳಿಯುತ್ತವೆ. ಖಾತೆಯಲ್ಲಿ ಹಣ ಇಲ್ಲದೆ ಕಂತು ವಾಪಸಾದರೆ ಬ್ಯಾಂಕ್ ದಂಡ ಹಾಕಬಹುದು. ಮಾಸಿಕ ಕಂತು ಸತತ ಮೂರು ಸಲ ತಪ್ಪಿದರೆ ಎಸ್‌ಐಪಿ ರದ್ದಾಗುತ್ತದೆ, ಅಷ್ಟೇ. ಎರಡೂ ಪದ ತೆಗೆದು "ಹೂಡಿಕೆ" ಮತ್ತು "ಹೂಡಿ" ಅಂತ ಮಾಡಿದೆ. ಸ್ವಲ್ಪ ಪುಸ್ತಕದ ಪದ ಅನಿಸುತ್ತದೆ ನಿಜ, ಆದರೆ ತಪ್ಪು ನೆನಪುಗಳನ್ನು ಎಳೆದು ತರುವುದಿಲ್ಲ.

ದೊಡ್ಡ ಪಾಠ ಆಗಿದ್ದು ಕರಪತ್ರದ ಲೆಕ್ಕದಲ್ಲಿ. ಘೋಷವಾಕ್ಯದ ಕೆಳಗೆ ಒಂದು ಪುಟ್ಟ ಉದಾಹರಣೆ ಇರಲಿ ಅಂತ ನಾವೇ ಮಾಡಿದ್ದೆವು. ತಿಂಗಳಿಗೆ 500 ರೂಪಾಯಿ, ಆರು ತಿಂಗಳು. ಒಂದು ಯೂನಿಟ್‌ನ ಬೆಲೆ, ಅಂದರೆ ಎನ್‌ಎವಿ, 20 ರೂಪಾಯಿಂದ 16, 12.50, 10 ಅಂತ ಇಳಿದು, ಮತ್ತೆ 12.50, 16 ಅಂತ ಏರುತ್ತದೆ. ಬೆಲೆ ಇಳಿದಾಗ ಅದೇ 500ಕ್ಕೆ ಹೆಚ್ಚು ಯೂನಿಟ್ ಸಿಗುತ್ತವೆ: ಮೊದಲ ತಿಂಗಳು 25, ನಾಲ್ಕನೆಯ ತಿಂಗಳು 50. ಒಟ್ಟು 217.5 ಯೂನಿಟ್. ಹಾಕಿದ್ದು 3,000, ಕೊನೆಯ ಬೆಲೆ 16ರಲ್ಲಿ ಅದರ ಮೌಲ್ಯ 3,480. ಇದರ ಮೇಲೆ ನನ್ನ ಸಾಲು: "ಮಾರುಕಟ್ಟೆ ಬಿದ್ದರೂ ನಿಮಗೆ ನಷ್ಟವಿಲ್ಲ." ಸೂಕ್ಷ್ಮವಾಗಿ ಬರೆದಿದ್ದೇನೆ ಅಂತಲೇ ನಂಬಿದ್ದೆ!

ಮೇಡಂ ಬೈಯಲಿಲ್ಲ. ನನ್ನ ಆರು ಬೆಲೆಗಳನ್ನೇ ತೆಗೆದುಕೊಂಡು ಕ್ರಮ ಬದಲಿಸಿ ಕಳಿಸಿದರು: 10, 12.50, 16, 20, 16, 12.50. ಅವೇ ಬೆಲೆಗಳು, ಆದ್ದರಿಂದ ಯೂನಿಟ್‌ಗಳೂ ಅಷ್ಟೇ, 217.5. ಸರಾಸರಿ ಕೊಂಡ ಬೆಲೆಯೂ ಅದೇ, ಸುಮಾರು 13.79. ಆದರೆ ಕೊನೆಯ ಬೆಲೆ 12.50 ಆದ್ದರಿಂದ ಮೌಲ್ಯ 2,718.75. ಹಾಕಿದ್ದಕ್ಕಿಂತ 281 ರೂಪಾಯಿ ಕಡಿಮೆ. ತಿಂಗಳು ತಿಂಗಳು ಹೂಡುವುದರಿಂದ ಕೊಳ್ಳುವ ಬೆಲೆ ಸರಾಸರಿಯಾಗುತ್ತದೆ. ಮಾರುವ ದಿನದ ಬೆಲೆ ಆ ಸರಾಸರಿಗಿಂತ ಮೇಲಿರುತ್ತದೋ ಕೆಳಗಿರುತ್ತದೋ ಅನ್ನುವುದು ಎಸ್‌ಐಪಿಯ ಕೈಯಲ್ಲಿಲ್ಲ. "ಬೆಲೆ ಇಳಿದಾಗ ಹೆಚ್ಚು ಯೂನಿಟ್" ಅನ್ನುವುದು ನಿಜ, "ಬಿದ್ದರೂ ನಷ್ಟವಿಲ್ಲ" ಅನ್ನುವುದು ಸುಳ್ಳು. ಇವೆರಡರ ನಡುವಿನ ಸಂದಿ ನನಗೆ ಕಂಡಿರಲೇ ಇಲ್ಲ. ಕೊನೆಗೆ ಕರಪತ್ರದಲ್ಲಿ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಹಾಕಿದೆವು. ಡಿಸೈನರ್ ಇಟ್ಟಿದ್ದ ಮೆಟ್ಟಿಲಂತೆ ಏರುವ ನಾಣ್ಯಗಳ ಚಿತ್ರವನ್ನೂ ತೆಗೆಸಿದೆ. ಸಾಲು ಹೇಳದ ಭರವಸೆಯನ್ನು ಚಿತ್ರ ಹೇಳುತ್ತಿತ್ತು.

ರೇಡಿಯೋ ಸ್ಪಾಟ್‌ನಲ್ಲಿ ಸಿಕ್ಕಿಬಿದ್ದಿದ್ದು ಬೇರೆ ಕಾರಣಕ್ಕೆ. ಕಡ್ಡಾಯ ಎಚ್ಚರಿಕೆಯ ವಾಕ್ಯ ಇಂಗ್ಲಿಷಿನಲ್ಲಿ 14 ಪದ. ಅದನ್ನು ಕನಿಷ್ಠ 5 ಸೆಕೆಂಡು ತೆಗೆದುಕೊಂಡು ಸ್ಪಷ್ಟವಾಗಿ ಓದಬೇಕು ಅನ್ನುವುದು ವಾಡಿಕೆಯ ಅಳತೆ. ನಮ್ಮ ವಾಕ್ಯ ಹೀಗಿತ್ತು: "ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿರುತ್ತವೆ, ಯೋಜನೆಗೆ ಸಂಬಂಧಿಸಿದ ಎಲ್ಲಾ ದಾಖಲೆಗಳನ್ನು ಎಚ್ಚರಿಕೆಯಿಂದ ಓದಿ." ಪದ ಹನ್ನೆರಡೇ, ಆದರೆ ಉಚ್ಚಾರದ ತುಣುಕುಗಳನ್ನು ಬೆರಳಲ್ಲಿ ಎಣಿಸಿ ನೋಡಿ, ಇಂಗ್ಲಿಷಿನದರ ಎರಡರಷ್ಟು. ಐದು ಸೆಕೆಂಡಿನಲ್ಲಿ ಓದಿಸಿದರೆ ಹರಾಜು ಕೂಗಿದ ಹಾಗೆ ಕೇಳುತ್ತದೆ. ನಾವು ಎಂಟು ಸೆಕೆಂಡು ಕೊಟ್ಟೆವು. 20 ಸೆಕೆಂಡಿನ ಸ್ಪಾಟ್‌ನಲ್ಲಿ ಉಳಿದಿದ್ದು ಹನ್ನೆರಡು. ನನ್ನ ಎರಡು ಸಾಲಿನ ಪ್ರಾಸವೆಲ್ಲ ಅಲ್ಲೇ ಉದುರಿತು, ಅದೂ ಒಳ್ಳೆಯದೇ ಆಯಿತು.

ಕೊನೆಗೆ ಪಾಸಾದ ಸಾಲು ಇದು: "ಚಿಕ್ಕ ಮೊತ್ತವೇ ಇರಲಿ, ಏರಿಳಿತ ಗೊತ್ತಿರಲಿ." ಅದರ ಕೆಳಗೆ "ತಿಂಗಳಿಗೊಮ್ಮೆ, ತಿಳಿದು ಹೂಡಿ" ಅಂತ, ಮತ್ತೆ ಕೆವೈಸಿ, ನೋಂದಾಯಿತ ಫಂಡ್ ಸಂಸ್ಥೆ, ದೂರು ಕೊಡುವ ದಾರಿ, ಇಷ್ಟು. ಪ್ರಶಸ್ತಿ ತರುವ ಸಾಲಲ್ಲ. ಆದರೆ ಎಚ್ಚರಿಕೆಯ ಮಾತನ್ನು ಕೆಳಗಿನ ಸಣ್ಣ ಅಕ್ಷರದಿಂದ ಎತ್ತಿ ಘೋಷವಾಕ್ಯದ ಒಳಗೇ ಕೂರಿಸಿದ್ದು ನನ್ನ ಮಟ್ಟಿಗೆ ಸಣ್ಣ ಹೆಮ್ಮೆ.

ಪ್ರೂಫ್ ಬಂದ ದಿನ ಅದನ್ನು ಮತ್ತೆ ಸೆಕ್ಯುರಿಟಿಯವರ ಮುಂದೆ ಹಿಡಿದು ಅದೇ ಪ್ರಶ್ನೆ ಕೇಳಿದೆ. ಅವರು ಎರಡು ಸಲ ಓದಿದರು.

"ಕಮ್ಮೀನೂ ಆಗ್ಬೋದು ಅಂತಾನಾ ಸಾರ್?"

"ಹೌದು, ಆಗಬಹುದು."

"ಹಂಗಾದ್ರೆ ಮಗಳ ಫೀಸಿನ ದುಡ್ಡು ಇದಕ್ಕೆ ಹಾಕಂಗಿಲ್ಲ. ಜೂನಿಗೆ ಬೇಕು ಅದು."

"ಬೇಡ" ಅಂದೆ. ಪ್ರೂಫ್‌ಗೆ ಸಹಿ ಹಾಕಿ ಪ್ರೆಸ್ಸಿಗೆ ಕಳಿಸಿದೆ.