ಸ್ಕ್ರೀನ್‌ಶಾಟ್‌ನಲ್ಲಿ ಏನೂ ಇಲ್ವಲ್ಲ

"ಚೆನ್ನಾಗೇ ಕಾಣ್ತಿದೆಯಲ್ಲೋ!" ಮಂಗಳವಾರ ಗೆಳೆಯನಿಂದ ಬಂದ ಈ ಒಂದು ಸಾಲು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ.

ಆಗಿದ್ದಿಷ್ಟು. ಭಾನುವಾರ ಎರಡನೇ ಮಾನಿಟರನ್ನು ಉದ್ದುದ್ದಕ್ಕೆ ತಿರುಗಿಸಿ ನಿಲ್ಲಿಸಿದೆ. 24 ಇಂಚಿನದು, 1920x1080. ಅಡ್ಡ ಇದ್ದಾಗ ಎಡಿಟರ್‌ನಲ್ಲಿ ಐವತ್ತು ಚಿಲ್ಲರೆ ಸಾಲು ಕಾಣುತ್ತಿತ್ತು, ಈಗ ತೊಂಬತ್ತು. ಒಂದು ಫಂಕ್ಷನ್ ಶುರುವಾಗಿ ಮುಗಿಯುವವರೆಗೂ ಸ್ಕ್ರಾಲ್ ಮಾಡದೆ ಓದಬಹುದು. ಪಿಡಿಎಫ್ ತೆರೆದರೆ ಎ4 ಪುಟ ಇಡಿಯಾಗಿ, ಕಾಗದಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದಾಗಿ ಬರುತ್ತದೆ. ಎರಡು ಫೈಲ್ ಪಕ್ಕಪಕ್ಕ ಇಟ್ಟು ಹೋಲಿಸಲು ಮಾತ್ರ 1080 ಪಿಕ್ಸೆಲ್ ಅಗಲ ಸಾಲದು, ಆ ಕೆಲಸ ಅಡ್ಡ ಮಾನಿಟರ್‌ಗೇ ಹೋಯಿತು. ಅದು ಬಿಟ್ಟರೆ ಖುಷಿಯಾಗಿದ್ದೆ.

ಸೋಮವಾರ ಸಂಜೆ ಹೊತ್ತಿಗೆ ಕಣ್ಣು ಉರಿಯತೊಡಗಿತು. ಹತ್ತಿರ ಹೋಗಿ ನೋಡಿದರೆ `l`, `i` ಥರದ ನೆಟ್ಟಗಿನ ಅಕ್ಷರಗಳ ಒಂದು ಅಂಚು ಕೆಂಪು, ಇನ್ನೊಂದು ನೀಲಿ. ಕನ್ನಡ ಅಕ್ಷರಗಳ ಗುಂಡಗಿನ ಬದಿಗೂ ಅದೇ ಬಣ್ಣದ ನೆರಳು. ಸ್ಕ್ರೀನ್‌ಶಾಟ್ ತೆಗೆದು ಗೆಳೆಯನಿಗೆ ಕಳಿಸಿದೆ. ಅದಕ್ಕೆ ಬಂದ ಉತ್ತರ ಮೇಲಿನದು.

ಅವನು ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಪರದೆಯಲ್ಲಿ ಕಾಣದ್ದು ಲೋಕದಲ್ಲೇ ಇಲ್ಲ ಎನ್ನುವ ಪೈಕಿ. ಸಿಟ್ಟಿನಲ್ಲಿ ಅದೇ ಸ್ಕ್ರೀನ್‌ಶಾಟನ್ನು ನನ್ನ ಅಡ್ಡ ಮಾನಿಟರ್‌ಗೆ ಎಳೆದೆ. ಚೆನ್ನಾಗೇ ಕಾಣ್ತಿದೆ! ವಾಪಸ್ ಉದ್ದದ್ದಕ್ಕೆ ಎಳೆದೆ. ಮತ್ತೆ ಕೆಂಪು, ನೀಲಿ. ನಾಲ್ಕೈದು ಸಲ ಆಚೆ ಈಚೆ ಎಳೆದ ಮೇಲೆ ತಲೆಗೆ ಹೊಳೆಯಿತು.

ಪ್ರತಿ ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳಿರುತ್ತವೆ. ಹೆಚ್ಚಿನ ಮಾನಿಟರ್‌ಗಳಲ್ಲಿ ಅವು ಎಡದಿಂದ ಬಲಕ್ಕೆ ಸಾಲಾಗಿವೆ. ಅಕ್ಷರ ಬಿಡಿಸುವ ಸಾಫ್ಟ್‌ವೇರ್ ಈ ಪಟ್ಟಿಗಳನ್ನು ಬೇರೆಬೇರೆಯಾಗಿ ಬೆಳಗಿಸಿ, ಅಡ್ಡಕ್ಕೆ ಮೂರು ಪಟ್ಟು ಜಾಸ್ತಿ ಪಿಕ್ಸೆಲ್ ಇರುವ ಹಾಗೆ ಕಣ್ಣಿಗೆ ಮಂಕುಬೂದಿ ಎರಚುತ್ತದೆ. ಮಾನಿಟರ್ ತಿರುಗಿಸಿದರೆ ಪಟ್ಟಿಗಳೂ ತಿರುಗಿ ಒಂದರ ಮೇಲೊಂದು ಬರುತ್ತವೆ. ಸಾಫ್ಟ್‌ವೇರ್ ಮಾತ್ರ ಹಳೇ ಲೆಕ್ಕದಲ್ಲೇ ಇರುತ್ತದೆ. ಫೋನ್ ಕ್ಯಾಮೆರಾವನ್ನು ಪರದೆಗೆ ತೀರಾ ಹತ್ತಿರ ಹಿಡಿದು ಜೂಮ್ ಮಾಡಿದೆ. ಪಟ್ಟಿಗಳು ಮಲಗಿಕೊಂಡಿದ್ದವು, ಕೆಂಪು ಮೇಲೆ, ನೀಲಿ ಕೆಳಗೆ.

ಅಂದರೆ ಸ್ಕ್ರೀನ್‌ಶಾಟ್‌ನಲ್ಲಿ ತಪ್ಪೇ ಇರಲಿಲ್ಲ. ಅದು ಅವನಂಥ ಅಡ್ಡ ಮಾನಿಟರ್‌ಗೆಂದೇ ಬಿಡಿಸಿದ ಅಕ್ಷರ. ಅವನು ಹೇಳಿದ್ದು ನಿಜ. ಅದೇ ಜಾಸ್ತಿ ಉರಿಸಿದ್ದು.

ನನ್ನದು ಗ್ನೋಮ್ ಇರುವ ಲಿನಕ್ಸ್. ಮಾನಿಟರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದ್ದರಿಂದ ಪಟ್ಟಿಯ ಕ್ರಮವನ್ನು `vrgb` ಎಂದು ಕೊಟ್ಟೆ. ಎದುರು ದಿಕ್ಕಿಗೆ ತಿರುಗಿಸಿದ್ದರೆ `vbgr` ಆಗಬೇಕಿತ್ತು. ಎಡಿಟರ್ ಮುಚ್ಚಿ ತೆರೆದರೆ ಉದ್ದದ ಮಾನಿಟರ್‌ನಲ್ಲಿ ಬಣ್ಣ ಮಾಯ. ಖುಷಿಯಿಂದ ಪಕ್ಕಕ್ಕೆ ತಿರುಗಿದರೆ ಅಡ್ಡ ಮಾನಿಟರ್ ಕೆಟ್ಟು ಕೂತಿತ್ತು. ಈ ಸೆಟ್ಟಿಂಗ್ ಎರಡಕ್ಕೂ ಒಂದೇ, ಮಾನಿಟರಿಗೊಂದು ಕೊಡಲು ಬರುವುದಿಲ್ಲ. ಕೊನೆಗೆ ಪಟ್ಟಿಗಳ ಆಟವನ್ನೇ ನಿಲ್ಲಿಸಿದೆ:

```
gsettings set org.gnome.desktop.interface font-antialiasing 'grayscale'
```

ಈಗ ಅಂಚುಗಳಲ್ಲಿ ಬರೀ ಬೂದು. ಮೊದಲಿನ ಮೊನಚು ಇಲ್ಲ, ಸಣ್ಣ ಅಕ್ಷರ ಸ್ವಲ್ಪ ಮೆತ್ತಗೆ ಕಾಣುತ್ತದೆ. ಅದಕ್ಕೇ ಫಾಂಟನ್ನು ಒಂದು ಪಾಯಿಂಟ್ ದೊಡ್ಡದು ಮಾಡಿದೆ, ಎಂಟು ಹತ್ತು ಸಾಲು ಕಳೆದುಕೊಂಡೆ. 4ಕೆ ಮಾನಿಟರ್ ಆಗಿದ್ದರೆ ಪಿಕ್ಸೆಲ್‌ಗಳೇ ಸಣ್ಣ, ಬಹುಶಃ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಕಣ್ಣುರಿ ಹೋಯಿತು, ಆ ಸಾಲು ಹೋಗಲಿಲ್ಲ. ಯಾಕೆಂದರೆ ಅದು ನನ್ನದೇ ಸಾಲು. "ನನ್ನ ಕಡೆ ಸರಿ ಇದೆ" ಎಂದು ಬರೆದು ಸಾಫ್ಟ್‌ವೇರ್ ಸರಿಯಿಲ್ಲ ಎಂದು ಬಂದ ಎಷ್ಟು ಜನರ ದೂರು ಮುಚ್ಚಿದ್ದೇನೋ ಲೆಕ್ಕವಿಲ್ಲ. ಹೋದ ತಿಂಗಳು ಒಬ್ಬರು ಮೂರು ಸಲ ಚಿತ್ರ ಕಳಿಸಿದ್ದರು. ಮೂರು ಸಲವೂ ನನ್ನ ಪರದೆಯಲ್ಲೇ ನೋಡಿ ಮುಚ್ಚಿದ್ದೆ, ನಾಲ್ಕನೇ ಸಲ ಅವರು ಕಳಿಸಲಿಲ್ಲ. ಆಗ, ಪೀಡೆ ತೊಲಗಿತು ಅಂದುಕೊಂಡಿದ್ದೆ. ನಿನ್ನೆ ಆ ದೂರನ್ನು ಮತ್ತೆ ತೆರೆದು, ನಿಮ್ಮ ಪರದೆಯ ಫೋಟೊ ಫೋನಿನಲ್ಲಿ ತೆಗೆದು ಕಳಿಸ್ತೀರಾ ಎಂದು ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.

ಗೆಳೆಯನಿಗೂ ನನ್ನ ಫೋನಿನ ಫೋಟೊ ಕಳಿಸಿದೆ. "ಕ್ಯಾಮೆರಾ ಲೆನ್ಸ್ ಒರೆಸ್ಕೊಳ್ಳೋ" ಎಂದ.