ನಲವತ್ತು ಸಾವಿರದ ಕಥೆ

ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿನ ಆರು ಪುಟದ ಟಿಪ್ಪಣಿಯನ್ನು ಎಐ ಟೂಲ್‌ಗೆ ಹಾಕಿ ಒಂದು ಪುಟಕ್ಕೆ ಇಳಿಸಿದೆ. ಬಂದಿದ್ದು: "ಟ್ಯಾಂಕ್ ರಿಪೇರಿಗೆ 40 ಸಾವಿರಕ್ಕೆ ಒಪ್ಪಿಗೆ." ಮೂಲದಲ್ಲಿ ಇದ್ದದ್ದು "40 ಆಗಬಹುದು ಅಂದರು, ನೋಡೋಣ". ಕೊನೆಯ ಪುಟದಲ್ಲಿ ಅದೇ ಕೆಲಸಕ್ಕೆ 45! ಚಿಕ್ಕದು ಮಾಡುವಾಗ ಮೊದಲು ಉದುರುವುದು ಈ "ಬಹುದು"ಗಳೇ.

ಟೂಲ್‌ಗೆ ಕೊಡುವ ಸೂಚನೆಗೆ ಎರಡು ಸಾಲು ಸೇರಿಸಿದೆ:

```
ಮೂಲದಲ್ಲಿ ಇಲ್ಲದ ಹೆಸರು, ಅಂಕಿ, ಕಾರಣ, ತೀರ್ಮಾನ ಸೇರಿಸಬೇಡ.
ಅನುಮಾನವಿದ್ದರೆ ನೀನೇ ಬಗೆಹರಿಸಬೇಡ; [ಖಚಿತವಿಲ್ಲ] ಎಂದು ಬರೆದು ಮೂಲದ ಮಾತನ್ನೇ ಪಕ್ಕದಲ್ಲಿ ಕೊಡು.
```

ಈಗ ಸಾಲಿಗೊಂದು [ಖಚಿತವಿಲ್ಲ]! ಅತಿ ಆಯ್ತು. ಅನುಮಾನ ಅಂದ್ರೆ ಏನು ಅಂತ ನಾನು ಹೇಳಿಯೇ ಇರಲಿಲ್ಲ ಅಲ್ವಾ? ಬರೆದವರೇ ಅನುಮಾನಿಸಿದ್ದರೆ, ಎರಡು ಕಡೆ ಬೇರೆ ಬೇರೆ ಇದ್ದರೆ, ಅಥವಾ ಅಕ್ಷರ ಓದಲು ಆಗದಂತಿದ್ದರೆ ಮಾತ್ರ ಅಂತ ತಿದ್ದಿದೆ. ಮೂರೇ ಗುರುತು ಉಳಿದವು. ಒಂದು ಹೀಗಿತ್ತು: "ಟ್ಯಾಂಕ್ ರಿಪೇರಿ [ಖಚಿತವಿಲ್ಲ: ಪುಟ 2ರಲ್ಲಿ '40 ಆಗಬಹುದು', ಪುಟ 6ರಲ್ಲಿ 45]".

ಆದರೂ ಪೂರ್ತಿ ನಂಬುವ ಹಾಗಿಲ್ಲ. ಸಾರಾಂಶದ ಒಂದೊಂದೇ ಅಂಕಿಯನ್ನು ಮೂಲದಲ್ಲಿ ಹುಡುಕಿ ನೋಡಿದೆ. ಐದು ನಿಮಿಷದ ಕೆಲಸ. ಸಾರಾಂಶ ನೋಡಿದ ಕಾರ್ಯದರ್ಶಿಗಳು ಫೋನ್ ಮಾಡಿ, "ಹಾಗಾದ್ರೆ ನಲವತ್ತೋ ನಲವತ್ತೈದೋ?" ಅಂದರು. ಅದನ್ನು ನೀವೇ ಹೇಳಬೇಕು ಸಾರ್, ಅಂದೆ.