ಆ್ಯಪ್‌ನಲ್ಲಿ 372, ಬಿಲ್‌ನಲ್ಲಿ 228: ಉಳಿದ ಯೂನಿಟ್ ಎಲ್ಲಿ ಹೋದವು?

ರಾಯಚೂರಿನಲ್ಲಿ ಮನೆ ಮೇಲೆ ಸೋಲಾರ್ ಹಾಕಿಕೊಡುವುದು ನಮ್ಮ ಕೆಲಸ. ಪ್ಯಾನೆಲ್ ಕೂರಿಸುವುದು ಸುಲಭ. ಮೊದಲ ಬಿಲ್ ಬಂದ ಮೇಲೆ ಶುರುವಾಗುವ ಫೋನ್‌ಗಳೇ ದೊಡ್ಡ ಕೆಲಸ.

ಮೇ ತಿಂಗಳಲ್ಲಿ ನಿವೃತ್ತ ಮಾಸ್ತರ್ ಒಬ್ಬರು ಬಿಲ್ ಹಿಡಿದುಕೊಂಡು ಅಂಗಡಿಗೇ ಬಂದರು. ಅವರದು 3 ಕಿಲೋವ್ಯಾಟ್ ಸೋಲಾರ್. "ತಮ್ಮಾ, ಆ್ಯಪ್‌ನ್ಯಾಗ 372 ಯೂನಿಟ್ ತಯಾರಾಗ್ಯದ ಅಂತ ತೋರಸ್ತದ. ನಾ ತಗೊಂಡಿದ್ದು 318. ಅಂದ್ರ ನನಗs 54 ಯೂನಿಟ್ ರೊಕ್ಕ ಬರಬೇಕು. ಇವರು ನೋಡಿದ್ರ 90 ಯೂನಿಟ್ ಬಿಲ್ ಹಾಕ್ಯಾರ!"

ನಾನು ಬಿಲ್ ಮೇಲಿನ ನಾಲ್ಕು ರೀಡಿಂಗ್ ಬರೆದುಕೊಂಡೆ. ಹೊರಗಿನ ಲೈನಿನಿಂದ ಮನೆಗೆ ಬಂದದ್ದು ಇಂಪೋರ್ಟ್, ಮನೆಯಿಂದ ಲೈನಿಗೆ ಹೋದದ್ದು ಎಕ್ಸ್‌ಪೋರ್ಟ್. ಇಂಪೋರ್ಟ್ ಹಿಂದಿನದು 1846, ಈಗಿನದು 2164. ವ್ಯತ್ಯಾಸ 318. ಎಕ್ಸ್‌ಪೋರ್ಟ್ ಹಿಂದಿನದು 1302, ಈಗಿನದು 1530. ವ್ಯತ್ಯಾಸ 228. ಬಿಲ್ ಆಗುವುದು 318ರಲ್ಲಿ 228 ಕಳೆದು ಉಳಿದ 90 ಯೂನಿಟ್‌ಗೆ. ಲೆಕ್ಕ ಸರಿಯಾಗಿಯೇ ಇತ್ತು.

"ಹಂಗಾದ್ರ 372ರಾಗ 228 ಹೋದ್ರ, 144 ಎಲ್ಲಿ ಹೋತು?" ಅಂದರು ಮಾಸ್ತರ್.

ಎಲ್ಲಿಯೂ ಹೋಗಿಲ್ಲ, ಮನೆಯಲ್ಲೇ ಖರ್ಚಾಗಿದೆ. ಸೋಲಾರ್ ಕರೆಂಟ್ ಮೊದಲು ಮನೆಯ ಫ್ರಿಜ್, ಫ್ಯಾನ್, ಮೋಟರ್‌ಗೆ ಹೋಗುತ್ತದೆ. ಮನೆಗೆ ಬೇಕಾಗದೆ ಉಳಿದದ್ದಷ್ಟೇ ಮೀಟರ್ ದಾಟಿ ಹೊರಗಿನ ಲೈನಿಗೆ ಹೋಗುತ್ತದೆ. ಮೀಟರ್ ಎಣಿಸುವುದು ತನ್ನನ್ನು ದಾಟಿದ್ದನ್ನು ಮಾತ್ರ. ಈ 144 ಯೂನಿಟ್ ಮೀಟರ್‌ವರೆಗೆ ಬರಲೇ ಇಲ್ಲ. ಆ ಕರೆಂಟ್ ಇರದಿದ್ದರೆ ಇಂಪೋರ್ಟ್ 318 ಅಲ್ಲ, 462 ಆಗುತ್ತಿತ್ತು. ಅಂದರೆ ಅದರ ಲಾಭ ಮಾಸ್ತರಿಗೆ ಆಗಲೇ ಸಿಕ್ಕಿದೆ. 318ರಲ್ಲಿ ಮತ್ತೆ ಪೂರ್ತಿ 372 ಕಳೆದರೆ ಅದೇ 144ನ್ನು ಎರಡು ಸಲ ಕಳೆದಂತೆ.

ತಾಳೆ ನೋಡಲು ಇನ್ನೊಂದು ದಾರಿ ಇದೆ. ಮನೆಯ ಒಟ್ಟು ಬಳಕೆ 462, ಸೋಲಾರ್ ತಯಾರಿಸಿದ್ದು 372. ಕಳೆದರೆ ಅದೇ 90. ಮಾಸ್ತರ್ ಇದನ್ನು ಬಿಲ್ ಹಿಂದೆ ಸ್ವತಃ ಬರೆದು ಕಳೆದರು. ಆಮೇಲೆ ಅವರ ಸಿಟ್ಟು ಆ್ಯಪ್ ಕಡೆ ತಿರುಗಿತು!

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. "ವಾಷಿಂಗ್ ಮಷೀನ್ ಮಧ್ಯಾಹ್ನವೇ ಹಾಕಿ, ಬಿಲ್ ಕಡಿಮೆ ಬರುತ್ತದೆ" ಅಂತ ನಮ್ಮ ಲೈನಿನವರೇ ಹೇಳುತ್ತಾರೆ. ಯೂನಿಟ್‌ಗೆ ಯೂನಿಟ್ ವಜಾ ಆಗುವ ನೆಟ್ ಮೀಟರಿಂಗ್‌ನಲ್ಲಿ ಅದು ಸುಮ್ನೆ ಮಾತು. ಮಧ್ಯಾಹ್ನ 20 ಯೂನಿಟ್ ಜಾಸ್ತಿ ಬಳಸಿ ರಾತ್ರಿ ಅಷ್ಟೇ ಕಡಿಮೆ ಬಳಸಿದರೆ, ಎಕ್ಸ್‌ಪೋರ್ಟ್ 208, ಇಂಪೋರ್ಟ್ 298. ಉಳಿಯುವುದು ಮತ್ತೆ 90. ಲೈನಿನಿಂದ ತಗೊಂಡದ್ದಕ್ಕೂ ಹೊರಗೆ ಕೊಟ್ಟದ್ದಕ್ಕೂ ಬೇರೆ ಬೇರೆ ದರ ಇರುವ ವ್ಯವಸ್ಥೆಯಾದರೆ ಮಾತ್ರ ಆ ಸಲಹೆಗೆ ಅರ್ಥ. ಇನ್ನು, ಮಂಜೂರಾದ ಲೋಡ್ ಮೇಲಿನ ನಿಗದಿತ ಶುಲ್ಕ ಎಕ್ಸ್‌ಪೋರ್ಟ್ ಎಷ್ಟಿದ್ದರೂ ಬಂದೇ ಬರುತ್ತದೆ. ಬಿಲ್ ಸೊನ್ನೆ ಆಗುತ್ತದೆ ಅಂತ ನಾವು ಗಿರಾಕಿಗೆ ಹೇಳಲೇಬಾರದು.

ತಾಳೆ ಹಾಕುವಾಗ ತಾರೀಖು ನೋಡುವುದು ಮುಖ್ಯ. ಆ್ಯಪ್ ತಿಂಗಳ ಒಂದರಿಂದ ಎಣಿಸುತ್ತದೆ. ಮೀಟರ್ ರೀಡರ್ ಬರುವುದು ಅವರ ತಾರೀಖಿಗೆ. ಮಾಸ್ತರ ಮನೆಯಲ್ಲಿ ಅದು 5ರಿಂದ 5ಕ್ಕೆ. ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಯೂನಿಟ್ ಬರುವಾಗ ಮೂರು ದಿನ ಆಚೀಚೆಯಾದರೂ 36 ಯೂನಿಟ್ ವ್ಯತ್ಯಾಸ ಬೀಳುತ್ತದೆ. ಹಾಗಾಗಿ ಆ್ಯಪ್‌ನಲ್ಲಿ ದಿನದ ಅಂಕಿಗಳನ್ನು ತೆಗೆದು ರೀಡಿಂಗ್ ತಾರೀಖಿಗೆ ಸರಿಯಾಗಿ ಕೂಡಿಸುತ್ತೇವೆ. ಮಾಸ್ತರ 372ನ್ನೂ ಹಾಗೆ ಕೂಡಿ ನೋಡಿದೆವು, ಅಷ್ಟೇ ಬಂತು. ಆಗಲೂ ಆ್ಯಪ್ ತೋರಿಸುವ ಇನ್ವರ್ಟರ್ ಲೆಕ್ಕ ಮೀಟರ್‌ನಷ್ಟು ಕರಾರುವಾಕ್ಕಾಗಿರುವುದಿಲ್ಲ. ಒಂದೆರಡು ಯೂನಿಟ್‌ಗೆ ಜಗಳ ಬೇಡ.

ನಿಜವಾಗಿ ಬಿಲ್ ತಪ್ಪುವುದೂ ಉಂಟು. ಹೆಚ್ಚಾಗಿ ಮೀಟರ್ ಬದಲಾದ ತಿಂಗಳಲ್ಲಿ. ಮೀಟರ್ ಬದಲಾಗದಿದ್ದರೆ ಹೋದ ಬಿಲ್‌ನ 'ಈಗಿನ ರೀಡಿಂಗ್' ಈ ಬಿಲ್‌ನ 'ಹಿಂದಿನ ರೀಡಿಂಗ್' ಆಗಿರಬೇಕು, ಎರಡೂ ಸಾಲಿನಲ್ಲಿ. ಬದಲಾಗಿದ್ದರೆ ಹೊಸ ಮೀಟರ್ ಕೂರಿಸಿದ ದಿನದ ರೀಡಿಂಗೇ ಅದರ 'ಹಿಂದಿನ ರೀಡಿಂಗ್'. ಹೊಸ ಮೀಟರ್ ಸೊನ್ನೆಯಿಂದಲೇ ಶುರುವಾಗಬೇಕೆಂದಿಲ್ಲ. ಅದಕ್ಕೇ ಕೂರಿಸಿದ ದಿನವೇ ಎರಡೂ ರೀಡಿಂಗ್ ಫೋಟೊ ತೆಗೆದಿಟ್ಟುಕೊಳ್ಳುತ್ತೇವೆ.

ಒಳಗೆ ಬರುವ, ಹೊರಗೆ ಹೋಗುವ ವೈರ್ ಅದಲುಬದಲಾಗಿದ್ದರೆ ಇಂಪೋರ್ಟ್-ಎಕ್ಸ್‌ಪೋರ್ಟ್ ತಿರುವುಮುರುವಾಗುತ್ತದೆ. ಅದನ್ನು ಹಿಡಿಯಲು ಉಪಕರಣ ಏನೂ ಬೇಡ. ರಾತ್ರಿ ಎಂಟಕ್ಕೆ ಮೀಟರ್‌ನ ಎರಡೂ ಅಂಕಿ ಬರೆದುಕೊಳ್ಳಿ. ಕೆಲವು ಮೀಟರ್‌ಗಳಲ್ಲಿ ಇಂಪೋರ್ಟ್ `1.8.0`, ಎಕ್ಸ್‌ಪೋರ್ಟ್ `2.8.0` ಅಂತ ತೋರಿಸುತ್ತದೆ. ಫ್ಯಾನ್, ಎಸಿ ಎಂದಿನಂತೆ ಓಡಲಿ. ಬೆಳಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ನೋಡಿ. ಇಂಪೋರ್ಟ್ ಏರಿರಬೇಕು, ಎಕ್ಸ್‌ಪೋರ್ಟ್ ಇದ್ದಲ್ಲೇ ಇರಬೇಕು. ಕತ್ತಲಲ್ಲಿ ಎಕ್ಸ್‌ಪೋರ್ಟ್ ಏರಿದ್ದರೆ ಎರಡೂ ಫೋಟೊ ಹಚ್ಚಿ ಕರೆಂಟ್ ಆಫೀಸಿಗೆ ಅರ್ಜಿ ಕೊಡಿ. ಮೀಟರ್ ಸೀಲ್ ಮಾತ್ರ ನೀವಾಗಲಿ ನಾವಾಗಲಿ ಮುಟ್ಟುವಂತಿಲ್ಲ.